ಒಂದೇ ಹೆಸರಿನ ಎರಡು ಬಿಲ್ಲುಗಳು
ವೃತ್ತದ ಸೈನ್, ಅತಿಪರವಲಯದ ಸೈನ್: ಹೆಸರು ಹೊಂದಿಕೆಯಾದುದೇಕೆ?

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗೆ ಸೈನ್ ಮತ್ತು ಕೋಸೈನ್ ಹಳೆಯ ಪರಿಚಯ. ಲಂಬಕೋನ ತ್ರಿಭುಜದ ಬಾಹುಗಳ ಅನುಪಾತವೆಂದು ಅವನು ಅವುಗಳನ್ನು ಕಲಿತಿರುತ್ತಾನೆ. ಕಾಲೇಜಿನ ಮೆಟ್ಟಿಲು ಹತ್ತಿದ ಮೇಲೆ ಒಂದು ದಿನ sinh, cosh ಎಂಬ ಹೊಸ ಗುರುತುಗಳು ಎದುರಾಗುತ್ತವೆ. ಆಂಧ್ರ ಮತ್ತು ತೆಲಂಗಾಣದ ಇಂಟರ್‌ಮೀಡಿಯೆಟ್ ಗಣಿತದಲ್ಲಿ ತ್ರಿಕೋನಮಿತಿಯ ಬೆನ್ನಿಗೇ ಇವುಗಳಿಗಾಗಿ ಒಂದು ಪುಟ್ಟ ಅಧ್ಯಾಯವು ಬಹುಕಾಲ ಪಾಠವಾಗಿತ್ತು. ಉಳಿದೆಡೆಗಳಲ್ಲಿ ಇವು ಸಾಮಾನ್ಯವಾಗಿ ಎಂಜಿನಿಯರಿಂಗ್ ಅಥವಾ ಪದವಿ ತರಗತಿಯಲ್ಲಿ ಕಾಣಿಸಿಕೊಳ್ಳುತ್ತವೆ. ಎಲ್ಲಿಯೇ ಆಗಲಿ, ಪಾಠದ ಆರಂಭ ಬಹುಮಟ್ಟಿಗೆ ಒಂದೇ ತೆರನಾದುದು: ಎರಡು ಸೂತ್ರಗಳನ್ನು ಕರಿಹಲಗೆಯ ಮೇಲೆ ಬರೆದು, ಇವೇ ಅವುಗಳ ವ್ಯಾಖ್ಯೆ ಎಂದು ಹೇಳಿ, ಮುಂದಿನ ಲೆಕ್ಕಕ್ಕೆ ಸಾಗುವುದು.

cosh t = (eᵗ + e⁻ᵗ) / 2
sinh t = (eᵗ − e⁻ᵗ) / 2

ಇಲ್ಲಿ e ಎಂಬುದು ಸುಮಾರು 2.71828 ಬೆಲೆಯ ಸಂಖ್ಯೆ. ಈ ಸೂತ್ರಗಳಲ್ಲಿ ತ್ರಿಭುಜವಿಲ್ಲ, ಕೋನವಿಲ್ಲ, ವೃತ್ತವೂ ಇಲ್ಲ. ಕ್ಯಾಲ್ಕುಲೇಟರಿನಲ್ಲಿ ಬೆಲೆಗಳನ್ನು ತೆಗೆದು ನೋಡಿದರೆ ಸಂದೇಹ ಇನ್ನೂ ಬಲವಾಗುತ್ತದೆ. ರೇಡಿಯನ್ ಅಳತೆಯಲ್ಲಿ sin 10 ಎಂಬುದು ಸುಮಾರು −0.544, sinh 10 ಎಂಬುದು 11013ಕ್ಕಿಂತಲೂ ಹೆಚ್ಚು. ಮೊದಲನೆಯದು −1 ಮತ್ತು 1ರ ನಡುವೆ ತೂಗುಯ್ಯಾಲೆಯಂತೆ ಹೋಗಿಬರುತ್ತದೆ. ಎರಡನೆಯದು ಒಮ್ಮೆ ಏರತೊಡಗಿದರೆ ಹಿಂದಿರುಗಿ ನೋಡುವುದೇ ಇಲ್ಲ. ಹೀಗಿರುವಾಗ ಎರಡಕ್ಕೂ ಸೈನ್ ಎಂಬ ಒಂದೇ ಹೆಸರನ್ನು ಇಟ್ಟವರ ಬಳಿ ಇದ್ದ ಆಧಾರವೇನು?

ಆಧಾರವಿದೆ, ಮತ್ತು ಅದು ಗಟ್ಟಿಯಾದ ಆಧಾರ. ಅದನ್ನು ಕಾಣಲು ಸೂತ್ರವನ್ನು ಬದಿಗಿಟ್ಟು ಹೆಸರಿನಿಂದಲೇ ಆರಂಭಿಸಬೇಕು.

ಹೆದೆಯಿಂದ ಬಂದ ಹೆಸರು

ಸೈನ್ ಎಂಬ ಮಾತಿನ ಬೇರು ನಮ್ಮ ನೆಲದಲ್ಲಿಯೇ ಇದೆ. ಪ್ರಾಚೀನ ಭಾರತದ ಜ್ಯೋತಿರ್ಗಣಿತಜ್ಞರು ವೃತ್ತದ ಕಂಸವನ್ನು ಬಿಲ್ಲೆಂದೂ, ಕಂಸದ ಎರಡು ತುದಿಗಳನ್ನು ಸೇರಿಸುವ ಸರಳರೇಖೆಯನ್ನು ಆ ಬಿಲ್ಲಿನ ಹೆದೆಯೆಂದೂ ಭಾವಿಸಿದರು. ಹೆದೆಗೆ ಸಂಸ್ಕೃತದಲ್ಲಿ ಜ್ಯಾ ಅಥವಾ ಜೀವಾ ಎನ್ನುತ್ತಾರೆ. ಲೆಕ್ಕಕ್ಕೆ ಇಡೀ ಹೆದೆಗಿಂತ ಅದರ ಅರ್ಧವೇ ಹೆಚ್ಚು ಉಪಯುಕ್ತವಾದುದರಿಂದ ಆರ್ಯಭಟನ ಕಾಲಕ್ಕಾಗಲೇ ಅರ್ಧಜ್ಯೆಯ ಕೋಷ್ಟಕವು ಸಿದ್ಧವಾಗಿತ್ತು. ಮುಂದೆ ಜ್ಯಾ ಎಂದರೆ ಅರ್ಧಜ್ಯಾ ಎಂದೇ ರೂಢಿಯಾಯಿತು. ಜೀವಾ ಶಬ್ದವು ಅರಬ್ಬಿಗೆ ಹೋಗಿ ಜೀಬ ಆಯಿತು. ಸ್ವರಗಳನ್ನು ಬರೆಯದ ಆ ಲಿಪಿಯಲ್ಲಿ ಅದನ್ನು ಜೈಬ್, ಅಂದರೆ ಬಟ್ಟೆಯ ಮಡಿಲು, ಎಂದು ಓದಿಕೊಂಡರು. ಲ್ಯಾಟಿನ್ನಿಗೆ ಅನುವಾದಿಸಿದವರು ಮಡಿಲಿಗೆ ತಮ್ಮ ಭಾಷೆಯ ಸೈನಸ್ ಎಂಬ ಶಬ್ದವನ್ನು ಬಳಸಿದರು. ಹೀಗೆ ಹೆದೆಯು ಮಡಿಲಾಗಿ, ಮಡಿಲು ಸೈನ್ ಆಗಿ, ಕೊನೆಗೆ ನಮ್ಮ ಪಠ್ಯಪುಸ್ತಕಕ್ಕೆ ಹಿಂದಿರುಗಿತು.

ಈ ಮೂಲ ಅರ್ಥವನ್ನು ಹಿಡಿದುಕೊಂಡರೆ ಪ್ರಶ್ನೆ ಸುಲಭವಾಗುತ್ತದೆ. ಸೈನ್ ಎಂದರೆ ಬಿಲ್ಲಿನ ಅರ್ಧ ಹೆದೆ. ಬಿಲ್ಲು ವೃತ್ತದ ತುಂಡೇ ಆಗಿರಬೇಕೆಂಬ ಕಟ್ಟಳೆ ಇದೆಯೇ? ಬೇರೊಂದು ವಕ್ರರೇಖೆಯನ್ನು ಬಿಲ್ಲಾಗಿ ಬಾಗಿಸಿದರೆ ಅದಕ್ಕೂ ಹೆದೆಯಿರುತ್ತದೆಯಲ್ಲವೇ?

ಎರಡು ಬಿಲ್ಲು, ಒಂದೇ ಅಳತೆ

ಮೊದಲ ಬಿಲ್ಲು ಪರಿಚಿತವಾದುದು: ಮೂಲಬಿಂದುವನ್ನು ಕೇಂದ್ರವಾಗಿ ಉಳ್ಳ, ತ್ರಿಜ್ಯ 1 ಆಗಿರುವ ವೃತ್ತ. ಅದರ ಸಮೀಕರಣ x² + y² = 1. ಎರಡನೆಯ ಬಿಲ್ಲಿಗೆ ಆ ಸಮೀಕರಣದ ಒಂದು ಚಿಹ್ನೆಯನ್ನು ಮಾತ್ರ ಬದಲಿಸಿದರೆ ಸಾಕು: x² − y² = 1. ಇದು ಅತಿಪರವಲಯ. ಇದಕ್ಕೆ ಎರಡು ಶಾಖೆಗಳುಂಟು. ಬಲಗಡೆಯ ಶಾಖೆಯೊಂದನ್ನೇ ತೆಗೆದುಕೊಳ್ಳೋಣ. ಅದು (1, 0) ಎಂಬ ಬಿಂದುವಿನಲ್ಲಿ ವೃತ್ತವನ್ನು ಮುಟ್ಟಿ, ಅಲ್ಲಿಂದ ಬಲಕ್ಕೆ ತೆರೆದುಕೊಳ್ಳುತ್ತ ಮೇಲೆ ಮತ್ತು ಕೆಳಗೆ ಅನಂತದವರೆಗೆ ಸಾಗುತ್ತದೆ. ವೃತ್ತದ ಬಿಲ್ಲು ಕೇಂದ್ರದಿಂದ ಹೊರಕ್ಕೆ ಉಬ್ಬಿದ್ದರೆ, ಈ ಬಿಲ್ಲು ಕೇಂದ್ರದ ಕಡೆಗೇ ಉಬ್ಬಿಕೊಂಡಿರುತ್ತದೆ.

ಈಗ ಎರಡರಲ್ಲಿಯೂ ಒಂದೇ ಕೆಲಸ ಮಾಡಬೇಕು. ಬಿಲ್ಲಿನ ಮೇಲೆ, x ಅಕ್ಷದಿಂದ ಮೇಲಕ್ಕೆ ಒಂದು ಬಿಂದುವನ್ನು ಗುರುತಿಸಿ, ಅಷ್ಟೇ ಕೆಳಗೆ ಅದರ ಪ್ರತಿಬಿಂಬವನ್ನೂ ಗುರುತಿಸಬೇಕು. ಇವೆರಡೂ ಬಿಲ್ಲಿನ ತುದಿಗಳು. ಇವನ್ನು ಸೇರಿಸುವ ನೆಟ್ಟನೆಯ ಗೆರೆಯೇ ಹೆದೆ. ತುದಿಗಳಿಂದ ಕೇಂದ್ರಕ್ಕೆ ಎರಡು ಗೆರೆಗಳನ್ನು ಎಳೆದರೆ, ಆ ಗೆರೆಗಳಿಗೂ ಬಿಲ್ಲಿಗೂ ನಡುವೆ ಒಂದು ಹೋಳು ದೊರೆಯುತ್ತದೆ. ಆ ಹೋಳಿನ ವಿಸ್ತೀರ್ಣವನ್ನು t ಎಂದು ಕರೆಯೋಣ.

ವೃತ್ತದಲ್ಲಿ ಮೇಲಿನ ತುದಿಯು x ಅಕ್ಷದೊಡನೆ t ರೇಡಿಯನ್ ಕೋನವನ್ನು ಮಾಡಿದರೆ, ಇಡೀ ಹೋಳಿನ ಕೋನ 2t. ತ್ರಿಜ್ಯ 1 ಆದುದರಿಂದ ಅದರ ವಿಸ್ತೀರ್ಣ ½ × 2t, ಅಂದರೆ t. ಆದಕಾರಣ ವೃತ್ತದಲ್ಲಿ ಕೋನವೆಂದರೂ ಹೋಳಿನ ವಿಸ್ತೀರ್ಣವೆಂದರೂ ಸಂಖ್ಯೆ ಒಂದೇ. ಅರ್ಧ ಹೆದೆಯ ಉದ್ದ sin t. ಕೇಂದ್ರದಿಂದ ಹೆದೆಗೆ ಇರುವ ದೂರ cos t.

ಅತಿಪರವಲಯದಲ್ಲಿಯೂ ಇದೇ ಮಾತನ್ನು ಅಕ್ಷರವೂ ಬದಲಾಗದಂತೆ ಹೇಳಬಹುದು. ಹೋಳಿನ ವಿಸ್ತೀರ್ಣ t ಆಗಿದ್ದರೆ ಅರ್ಧ ಹೆದೆಯ ಉದ್ದ sinh t. ಕೇಂದ್ರದಿಂದ ಹೆದೆಗೆ ಇರುವ ದೂರ cosh t. ಹೆಸರು ಹೊಂದಿಕೆಯಾಗಲು ಇದೇ ಕಾರಣ. ವ್ಯಾಖ್ಯೆ ಒಂದೇ, ಬಿಲ್ಲು ಮಾತ್ರ ಬೇರೆ. sinh ಎಂಬಲ್ಲಿಯ ಕೊನೆಯ h ಅಕ್ಷರವು ಬಿಲ್ಲು ಯಾವುದೆಂಬುದನ್ನಷ್ಟೇ ತಿಳಿಸುತ್ತದೆ. ಅದು ಅತಿಪರವಲಯದ ಇಂಗ್ಲಿಷ್ ಹೆಸರಾದ ಹೈಪರ್ಬೋಲಾದ ಮೊದಲಕ್ಷರ.

ಆದರೆ ಮಾತಿನಲ್ಲಿ ಹೇಳಿದ ಮಾತ್ರಕ್ಕೆ ವಾದ ಸಿದ್ಧವಾಗುವುದಿಲ್ಲ. ಅರ್ಧ ಹೆದೆಗೆ eᵗ ಇರುವ ಆ ಸೂತ್ರ ಎಲ್ಲಿಂದ ಬಂದಿತೆಂಬುದನ್ನು ತೋರಿಸಬೇಕು.

ಒಂದು ಹೋಳಿನ ಲೆಕ್ಕ

ಒಂದು ನಿರ್ದಿಷ್ಟ ಬಿಂದುವನ್ನೇ ತೆಗೆದುಕೊಳ್ಳೋಣ: x = 5/4, y = 3/4. ಇದು ಅತಿಪರವಲಯದ ಮೇಲೆಯೇ ಇದೆ; ಏಕೆಂದರೆ 25/16 − 9/16 = 16/16 = 1. ಈ ಬಿಂದುವನ್ನೂ ಅದರ ಪ್ರತಿಬಿಂಬವನ್ನೂ ತುದಿಗಳಾಗಿ ಉಳ್ಳ ಹೋಳಿನ ವಿಸ್ತೀರ್ಣವೆಷ್ಟು?

ನೇರವಾಗಿ ಅಳೆಯುವುದು ಕಷ್ಟ. ಆದುದರಿಂದ ಎಂಟನೆಯ ತರಗತಿಯ ಬೀಜಗಣಿತದ ಒಂದು ಮಾತನ್ನು ನೆನಪಿಗೆ ತಂದುಕೊಳ್ಳೋಣ: x² − y² = (x + y)(x − y). x + y ಎಂಬುದಕ್ಕೆ u ಎಂದೂ, x − y ಎಂಬುದಕ್ಕೆ v ಎಂದೂ ಹೆಸರಿಟ್ಟರೆ, ಅತಿಪರವಲಯದ ಸಮೀಕರಣವು uv = 1 ಎಂದಾಗುತ್ತದೆ. ಅಂದರೆ v ಎಂಬುದು u ಇದರ ವ್ಯುತ್ಕ್ರಮ. ನಮ್ಮ ಬಿಂದುವಿಗೆ u = 2, v = 1/2. ಬಿಲ್ಲಿನ ನಡುಬಿಂದುವಾದ (1, 0)ಗೆ u = 1, v = 1.

ಈಗ u ಮತ್ತು v ಗಳನ್ನೇ ಅಕ್ಷಗಳಾಗಿ ಉಳ್ಳ ಹೊಸ ಹಾಳೆಯಲ್ಲಿ ಚಿತ್ರವನ್ನು ಬರೆಯೋಣ. ಹಾಳೆ ಬದಲಾದಾಗ ವಿಸ್ತೀರ್ಣವೂ ಬದಲಾಗುತ್ತದೆಂಬುದನ್ನು ಮರೆಯಬಾರದು. ಹಳೆಯ ಹಾಳೆಯಲ್ಲಿ ಬಾಹು 1 ಇರುವ ಚೌಕದ ಮೂಲೆಗಳಾದ (0, 0), (1, 0), (1, 1), (0, 1) ಹೊಸ ಹಾಳೆಯಲ್ಲಿ (0, 0), (1, 1), (2, 0), (1, −1) ಆಗುತ್ತವೆ. ಇದು ಕರ್ಣ 2 ಇರುವ ಚೌಕ. ಇದರ ವಿಸ್ತೀರ್ಣ 2. ಆದುದರಿಂದ ಹೊಸ ಹಾಳೆಯಲ್ಲಿ ಪ್ರತಿಯೊಂದು ವಿಸ್ತೀರ್ಣವೂ ಇಮ್ಮಡಿಯಾಗಿ ಕಾಣುತ್ತದೆ.

ಹೊಸ ಹಾಳೆಯಲ್ಲಿ ಹೋಳಿನ ಮೇಲರ್ಧವನ್ನು ಅಳೆಯೋಣ. ಕೇಂದ್ರ, (1, 1), (2, 1/2) ಇವುಗಳಿಗೂ ವಕ್ರರೇಖೆಗೂ ನಡುವಿನ ಪ್ರದೇಶವದು. ಅದನ್ನು ಪಡೆಯುವ ಬಗೆ ಹೀಗಿದೆ. ಮೊದಲಿಗೆ ಕೇಂದ್ರ, (1, 0), (1, 1) ಇವುಗಳ ತ್ರಿಭುಜ, ವಿಸ್ತೀರ್ಣ 1/2. ಅದಕ್ಕೆ u = 1 ರಿಂದ u = 2 ರವರೆಗೆ ವಕ್ರರೇಖೆಯ ಕೆಳಗಿರುವ ಪ್ರದೇಶವನ್ನು ಕೂಡಿಸಬೇಕು. ಆ ಮೊತ್ತದಿಂದ ಕೇಂದ್ರ, (2, 0), (2, 1/2) ಇವುಗಳ ತ್ರಿಭುಜವನ್ನು ಕಳೆಯಬೇಕು. ಈ ಎರಡನೆಯ ತ್ರಿಭುಜದ ವಿಸ್ತೀರ್ಣ ½ × 2 × ½, ಅಂದರೆ ಇದೂ 1/2! ಕೂಡಿಸಿದುದು ಮತ್ತು ಕಳೆದುದು ಸಮವಾಗಿ ಹೋದುವು. ಉಳಿದುದು ವಕ್ರರೇಖೆಯ ಕೆಳಗಿನ ಪ್ರದೇಶ ಮಾತ್ರ. v = 1/u ಎಂಬ ರೇಖೆಯ ಕೆಳಗೆ 1 ರಿಂದ 2 ರವರೆಗಿನ ವಿಸ್ತೀರ್ಣವೇ 2ರ ಸ್ವಾಭಾವಿಕ ಲಾಗರಿದಮ್; ಅದರ ಬೆಲೆ ಸುಮಾರು 0.6931.

ಹಳೆಯ ಹಾಳೆಗೆ ಹಿಂದಿರುಗಿದಾಗ ಇದು ಅರ್ಧವಾಗುತ್ತದೆ. ಆದರೆ ಇದು ಹೋಳಿನ ಮೇಲರ್ಧ ಮಾತ್ರ. ಕೆಳಗಿನ ಅರ್ಧವೂ ಅಷ್ಟೇ ಇದೆ. ಎರಡನ್ನೂ ಕೂಡಿಸಿದರೆ ಮತ್ತೆ 0.6931. ಹೀಗೆ t ಎಂಬುದು u ಇದರ ಸ್ವಾಭಾವಿಕ ಲಾಗರಿದಮ್ ಎಂದು ಸಿದ್ಧವಾಯಿತು. 2ರ ಬದಲು ಬೇರೆ ಯಾವ ಸಂಖ್ಯೆಯನ್ನು ಇಟ್ಟರೂ ಆ ಎರಡು ತ್ರಿಭುಜಗಳು ಸಮವಾಗಿಯೇ ಇರುತ್ತವೆ. ಏಕೆಂದರೆ uv ಯಾವಾಗಲೂ 1. ಆದುದರಿಂದ u = eᵗ, v = e⁻ᵗ. x ಎಂಬುದು u ಮತ್ತು v ಗಳ ಮೊತ್ತದ ಅರ್ಧ, y ಎಂಬುದು ಅವುಗಳ ವ್ಯತ್ಯಾಸದ ಅರ್ಧ. ಕರಿಹಲಗೆಯ ಮೇಲೆ ಆಕಾಶದಿಂದ ಇಳಿದಂತೆ ಕಾಣಿಸಿದ ಆ ಎರಡು ಸೂತ್ರಗಳು ಇಲ್ಲಿ ತಾವಾಗಿಯೇ ಬಂದು ನಿಂತಿವೆ.

ಹೆಸರಿಟ್ಟವರು

ಈ ಸರಾಸರಿಯು ಹೆಸರಿಗಿಂತ ಹಳೆಯದು. ಎರಡು ಗೂಟಗಳ ನಡುವೆ ಸಡಿಲವಾಗಿ ತೂಗಿಬಿಟ್ಟ ಸರಪಣಿಯು ಯಾವ ವಕ್ರರೇಖೆಯಾಗಿ ನಿಲ್ಲುತ್ತದೆಂಬ ಪ್ರಶ್ನೆಯನ್ನು ಯಾಕೋಬ್ ಬರ್ನೂಲಿ 1690ರಲ್ಲಿ ವಿದ್ವಾಂಸರ ಮುಂದಿಟ್ಟನು. 1691ರಲ್ಲಿ ಲೈಬ್‌ನಿಟ್ಸ್, ಹೈಗೆನ್ಸ್ ಮತ್ತು ಯೋಹಾನ್ ಬರ್ನೂಲಿ ಉತ್ತರಗಳನ್ನು ಪ್ರಕಟಿಸಿದರು. ಲೈಬ್‌ನಿಟ್ಸನು ಕೊಟ್ಟ ರಚನೆಯು ಲಾಗರಿದಮ್ ರೇಖೆಯ ಮೇಲೆ ಸಮದೂರದಲ್ಲಿರುವ ಎರಡು ಎತ್ತರಗಳ ಸರಾಸರಿಯೇ ಆಗಿತ್ತು. ಇಂದಿನ ಬರವಣಿಗೆಯಲ್ಲಿ ಅದು cosh. ಆದರೆ ಸರಪಣಿಯನ್ನು ನೋಡಿದ ಯಾರಿಗೂ ಅದನ್ನು ಕೋಸೈನ್ ಎಂದು ಕರೆಯಬೇಕೆನಿಸಲಿಲ್ಲ. ಅಲ್ಲಿ ಬಿಲ್ಲೂ ಇರಲಿಲ್ಲ, ಹೋಳೂ ಇರಲಿಲ್ಲ.

ಹೆಸರು ಬಂದುದು ಅತಿಪರವಲಯವನ್ನು ವೃತ್ತದ ಪಕ್ಕದಲ್ಲಿಟ್ಟು ನೋಡಿದಾಗ. ಇಟಲಿಯ ಜೆಸ್ವಿಟ್ ಪಾದ್ರಿಯೂ ಗಣಿತಜ್ಞನೂ ಆಗಿದ್ದ ವಿನ್ಚೆಂಜೊ ರಿಕ್ಕಾಟಿಯು 1757ರಲ್ಲಿ ಬೊಲೋನ್ಯಾದಲ್ಲಿ ಅಚ್ಚಾದ ತನ್ನ ಲ್ಯಾಟಿನ್ ಗ್ರಂಥದಲ್ಲಿ ಈ ಹೋಳುಗಳ ಅರ್ಧ ಹೆದೆಗಳನ್ನು ಅತಿಪರವಲಯದ ಸೈನ್, ಕೋಸೈನ್‌ಗಳೆಂದು ಪರಿಗಣಿಸಿ, ಅವುಗಳಿಗೆ Sh, Ch ಎಂಬ ಗುರುತುಗಳನ್ನು ಬಳಸಿದನು. ಕೆಲವೇ ವರ್ಷಗಳ ಬಳಿಕ ಯೋಹಾನ್ ಹೈನ್ರಿಕ್ ಲ್ಯಾಂಬರ್ಟನು ಬರ್ಲಿನ್ ಅಕಾಡೆಮಿಗೆ ಸಲ್ಲಿಸಿದ, 1768ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಎರಡು ಬಗೆಯ ಸೈನ್‌ಗಳನ್ನು ಜೋಡಿಯಾಗಿ ನಿಲ್ಲಿಸಿ ಹೋಲಿಸಿದನು. π ಎಂಬುದು ಭಾಗಲಬ್ಧವಲ್ಲದ ಸಂಖ್ಯೆಯೆಂದು ಮೊದಲು ಸಾಧಿಸಿದ ಪ್ರಬಂಧವೂ ಅದೇ. ಅಲ್ಲಿಂದ ಮುಂದೆ ಈ ಜೋಡಿಯು ಗಣಿತದಲ್ಲಿ ನೆಲೆಯೂರಿತು.

ಸೂತ್ರಗಳೂ ಹೊಂದುವುವೇ?

ಹೆಸರು ಹೊಂದಿತೆಂದರೆ ನಿತ್ಯಸಮೀಕರಣಗಳೂ ಹೊಂದಬೇಕಷ್ಟೆ. ಮೊದಲನೆಯದು ಬಿಲ್ಲಿನ ಸಮೀಕರಣವೇ ಆಗಿದೆ:

cos² t + sin² t = 1
cosh² t − sinh² t = 1

ಎರಡು ಹೋಳುಗಳನ್ನು ಕೂಡಿಸಿದಾಗ ಏನಾಗುತ್ತದೆಂಬುದು ಇದಕ್ಕಿಂತ ಸ್ವಾರಸ್ಯವಾದುದು. ಅತಿಪರವಲಯದಲ್ಲಿ t ಗಳನ್ನು ಕೂಡಿಸಿದರೆ u ಗಳು ಒಂದನ್ನೊಂದು ಗುಣಿಸುತ್ತವೆ; ಏಕೆಂದರೆ u = eᵗ. ಒಂದು ಬಿಂದುವಿನ u ಬೆಲೆ cosh a + sinh a, ಇನ್ನೊಂದರದು cosh b + sinh b. ಗುಣಿಸಿದಾಗ ನಾಲ್ಕು ಪದಗಳು ದೊರೆಯುತ್ತವೆ. v ಗಳನ್ನು ಗುಣಿಸಿದರೂ ಅವೇ ನಾಲ್ಕು ಪದಗಳು ದೊರೆಯುತ್ತವೆ. ಆದರೆ ಒಂದೇ ಒಂದು sinh ಇರುವ ಪದಗಳ ಚಿಹ್ನೆ ಮಾತ್ರ ತಿರುಗಿರುತ್ತದೆ. ಎರಡು ಗುಣಲಬ್ಧಗಳ ಮೊತ್ತದ ಅರ್ಧವನ್ನು ತೆಗೆದುಕೊಂಡರೆ ಆ ಪದಗಳು ವಜಾ ಆಗಿ ಹೀಗೆ ಉಳಿಯುತ್ತದೆ:

cosh (a + b) = cosh a cosh b + sinh a sinh b

ವೃತ್ತದ ಸೂತ್ರದಲ್ಲಿ ಇದೇ ಜಾಗದಲ್ಲಿ ಕಳೆಯುವ ಚಿಹ್ನೆಯಿದೆ:

cos (a + b) = cos a cos b − sin a sin b

ಸಂಖ್ಯೆಗಳಿಂದ ಪರೀಕ್ಷಿಸೋಣ. ನಮ್ಮ ಬಿಂದು (5/4, 3/4). t ಇಮ್ಮಡಿಯಾದರೆ u ವರ್ಗವಾಗಿ 4 ಆಗುತ್ತದೆ, v ಯು 1/4 ಆಗುತ್ತದೆ. ಆಗ x = (4 + 1/4)/2 = 17/8, y = (4 − 1/4)/2 = 15/8. ಸೂತ್ರದಿಂದ ನೋಡಿದರೆ cosh 2t = 25/16 + 9/16 = 34/16 = 17/8; sinh 2t = 2 × 5/4 × 3/4 = 15/8. ಎರಡೂ ದಾರಿಗಳು ಒಂದೇ ಊರಿಗೆ ತಲುಪಿದುವು.

ವೃತ್ತದಲ್ಲಿ ಇದೇ 3, 4, 5ರ ತ್ರಿಭುಜದಿಂದ ಬರುವ ಬಿಂದು (4/5, 3/5). ಅದರ ಕೋನವನ್ನು ಇಮ್ಮಡಿಸಿದರೆ cos 2t = 16/25 − 9/25 = 7/25, sin 2t = 2 × 4/5 × 3/5 = 24/25. ವೃತ್ತವು 3, 4, 5 ರಿಂದ 7, 24, 25 ಎಂಬ ಲಂಬಕೋನ ತ್ರಿಭುಜವನ್ನು ಕೊಟ್ಟಿತು; ಅತಿಪರವಲಯವು ಅದೇ 3, 4, 5 ರಿಂದ 8, 15, 17 ಎಂಬ ಲಂಬಕೋನ ತ್ರಿಭುಜವನ್ನು ಕೊಟ್ಟಿತು.

ಚಿಹ್ನೆ ಬದಲಾಗುವ ನಿಯಮ

ಪ್ರತಿಯೊಂದು ಸೂತ್ರವನ್ನೂ ಬೇರೆಯಾಗಿ ಬಾಯಿಪಾಠ ಮಾಡುವ ಅಗತ್ಯವಿಲ್ಲ. 1902ರಲ್ಲಿ ಜಾರ್ಜ್ ಆಸ್ಬಾರ್ನ್ ಎಂಬುವರು ಇಂಗ್ಲೆಂಡಿನ ಮ್ಯಾಥಮೆಟಿಕಲ್ ಗೆಜೆಟ್ ಪತ್ರಿಕೆಯಲ್ಲಿ ಒಂದು ನೆನಪಿನ ಸೂತ್ರವನ್ನು ಕೊಟ್ಟರು. ಅದರ ತಿರುಳು ಇಷ್ಟು: ವೃತ್ತದ ನಿತ್ಯಸಮೀಕರಣವನ್ನು ಸೈನ್ ಮತ್ತು ಕೋಸೈನ್‌ಗಳ ಗುಣಲಬ್ಧಗಳಾಗಿ ಬಿಡಿಸಿ ಬರೆದುಕೊಳ್ಳಿ, sin ಇದ್ದಲ್ಲಿ sinh, cos ಇದ್ದಲ್ಲಿ cosh ಎಂದು ಬದಲಿಸಿ, ಎರಡು ಸೈನ್‌ಗಳು ಗುಣಿಸಿಕೊಂಡಿರುವ ಪದದ ಚಿಹ್ನೆಯನ್ನು ತಿರುಗಿಸಿ.

ತಪ್ಪು ನುಸುಳುವುದು ಸೈನ್‌ಗಳು ಮರೆಯಲ್ಲಿ ಅಡಗಿರುವಲ್ಲಿ. 1 + tan² t = sec² t ಎಂಬಲ್ಲಿ ಸೈನ್ ಎಂಬ ಅಕ್ಷರವೇ ಕಾಣುವುದಿಲ್ಲ. ಆದರೆ tan ಎಂದರೆ sin ಭಾಗಿಸು cos. ಅದರ ವರ್ಗದಲ್ಲಿ ಎರಡು ಸೈನ್‌ಗಳಿವೆ. ಆದುದರಿಂದ ಸರಿಯಾದ ರೂಪ 1 − tanh² t = sech² t. ಇನ್ನೊಂದು ಕಡೆ, ನಾಲ್ಕು ಸೈನ್‌ಗಳ ಗುಣಲಬ್ಧವಿದ್ದರೆ ಚಿಹ್ನೆಯು ಎರಡು ಬಾರಿ ತಿರುಗಿ ಮೊದಲಿನಂತೆಯೇ ಉಳಿಯುತ್ತದೆ. ಅವಕಲನದ ಸೂತ್ರಗಳಿಗೆ ಈ ನಿಯಮವನ್ನು ಹಚ್ಚಲೇಬಾರದು. cos t ಯ ಅವಕಲನ −sin t; cosh t ಯದು +sinh t. ಇಲ್ಲಿ ಎರಡು ಸೈನ್‌ಗಳಿಲ್ಲದಿದ್ದರೂ ಚಿಹ್ನೆ ಬೇರೆಯಾಗಿದೆ.

ಈ ನಿಯಮವು ಬರಿಯ ಜ್ಞಾಪಕ ತಂತ್ರವಲ್ಲ; ಅದರ ಹಿಂದೆ ಕಾರಣವಿದೆ. ಆ ಕಾರಣವನ್ನು ಕಾಣಲು ಕೇರಳದ ಕಡೆಗೆ ತಿರುಗಬೇಕು. ಹದಿನಾಲ್ಕನೆಯ ಶತಮಾನದ ಸಂಗಮಗ್ರಾಮದ ಮಾಧವನ ಪರಂಪರೆಯವರು ಸೈನ್ ಕೋಸೈನ್‌ಗಳನ್ನು ಕೊನೆಯಿಲ್ಲದ ಶ್ರೇಣಿಗಳಾಗಿ ಬರೆಯುವುದನ್ನು ಕಂಡುಕೊಂಡಿದ್ದರು. ಜ್ಯೇಷ್ಠದೇವನ ಮಲಯಾಳ ಗ್ರಂಥ ಯುಕ್ತಿಭಾಷಾದಲ್ಲಿ ಅವುಗಳ ಉಪಪತ್ತಿಯೂ ಇದೆ. ಇಂದಿನ ರೂಪದಲ್ಲಿ ಕೋಸೈನಿನ ಶ್ರೇಣಿ ಹೀಗಿದೆ:

cos t = 1 − t²/2 + t⁴/24 − t⁶/720 + …

eᵗ ಮತ್ತು e⁻ᵗ ಗಳ ಶ್ರೇಣಿಗಳ ಸರಾಸರಿಯನ್ನು ತೆಗೆದರೆ ದೊರೆಯುವುದು ಇದು:

cosh t = 1 + t²/2 + t⁴/24 + t⁶/720 + …

ಪದಗಳು ಅವೇ, ಒಂದರಲ್ಲಿ ಚಿಹ್ನೆಗಳು ಪರ್ಯಾಯವಾಗಿ ಬರುತ್ತವೆ, ಇನ್ನೊಂದರಲ್ಲಿ ಎಲ್ಲವೂ ಕೂಡುವ ಚಿಹ್ನೆಗಳು. t = 1 ಎಂದಿಟ್ಟು ಈ ನಾಲ್ಕು ಪದಗಳನ್ನಷ್ಟೇ ಲೆಕ್ಕ ಹಾಕಿದರೆ ಮೊದಲನೆಯದು 0.54028, ಎರಡನೆಯದು 1.54306 ಆಗುತ್ತದೆ. ನಿಜವಾದ ಬೆಲೆಗಳು 0.54030 ಮತ್ತು 1.54308.

ಈಗ ವರ್ಗ ಮಾಡಿದರೆ −1 ಆಗುವ ಸಂಖ್ಯೆಯನ್ನು i ಎನ್ನೋಣ. ಕೋಸೈನಿನ ಶ್ರೇಣಿಯಲ್ಲಿ t ಇದ್ದಲ್ಲೆಲ್ಲ it ಎಂದು ಬರೆದರೆ t² ಎಂಬುದು −t² ಆಗುತ್ತದೆ, t⁴ ಹಾಗೆಯೇ ಉಳಿಯುತ್ತದೆ, t⁶ ಎಂಬುದು −t⁶ ಆಗುತ್ತದೆ. ಕಳೆಯುವ ಚಿಹ್ನೆಗಳೆಲ್ಲ ಮಾಯವಾಗಿ cosh ಶ್ರೇಣಿಯೇ ಉಳಿಯುತ್ತದೆ. ಸೈನಿನಲ್ಲಿ ಹೀಗೆಯೇ ಮಾಡಿದರೆ ಒಂದು i ಹೆಚ್ಚಾಗಿ ಹೊರಗೆ ನಿಲ್ಲುತ್ತದೆ:

cos (it) = cosh t
sin (it) = i sinh t

ಆಸ್ಬಾರ್ನ್ ನಿಯಮದ ಗುಟ್ಟು ಇದೇ. ಪ್ರತಿಯೊಂದು ಸೈನೂ ತನ್ನೊಡನೆ ಒಂದು i ಯನ್ನು ಹೊತ್ತು ತರುತ್ತದೆ. ಎರಡು ಸೈನ್‌ಗಳು ಗುಣಿಸಿಕೊಂಡರೆ i × i = −1; ಚಿಹ್ನೆ ತಿರುಗುತ್ತದೆ. ಬಿಲ್ಲಿನ ಸಮೀಕರಣದಲ್ಲಿಯೂ ನಡೆದುದು ಇದೇ ಆಗಿದೆ: x² + y² = 1 ಎಂಬಲ್ಲಿ y ಬದಲು iy ಎಂದಿಟ್ಟರೆ x² − y² = 1 ಆಗುತ್ತದೆ.

ಹೋಲಿಕೆಯ ಎಲ್ಲೆ

ಹೆಸರು ಒಂದೆಂದು ನಂಬಿ ಎಲ್ಲವನ್ನೂ ಒಂದೇ ಎಂದು ತಿಳಿದರೆ ಮೋಸ ಹೋಗಬೇಕಾಗುತ್ತದೆ. ಮುಖ್ಯವಾದ ಎಡವಟ್ಟು ಕೋನದ ವಿಷಯದಲ್ಲಿ. ವೃತ್ತದಲ್ಲಿ ಹೋಳಿನ ವಿಸ್ತೀರ್ಣವೂ ಕೋನವೂ ಒಂದೇ ಸಂಖ್ಯೆಯಾದುದರಿಂದ t ಎಂದರೆ ಕೋನವೆಂದು ಎಲ್ಲರೂ ರೂಢಿಸಿಕೊಂಡಿರುತ್ತಾರೆ. ಅತಿಪರವಲಯದಲ್ಲಿ ಹಾಗಲ್ಲ. ನಮ್ಮ (5/4, 3/4) ಬಿಂದುವಿಗೆ t = 0.6931, ಆದರೆ ಕೇಂದ್ರದಿಂದ ಆ ಬಿಂದುವಿಗೆ ಎಳೆದ ಗೆರೆಯು x ಅಕ್ಷದೊಡನೆ ಮಾಡುವ ಕೋನ ಸುಮಾರು 30.96 ಡಿಗ್ರಿ, ಅಂದರೆ 0.5404 ರೇಡಿಯನ್. ಎರಡೂ ಬೇರೆ. t ಎಷ್ಟೇ ದೊಡ್ಡದಾದರೂ ಆ ಕೋನವು 45 ಡಿಗ್ರಿಯನ್ನು ತಲುಪುವುದೇ ಇಲ್ಲ. ಆದಕಾರಣವೇ ಕ್ಯಾಲ್ಕುಲೇಟರನ್ನು ಡಿಗ್ರಿಯಲ್ಲಿಟ್ಟರೂ ರೇಡಿಯನ್ನಿನಲ್ಲಿಟ್ಟರೂ sinh ಬೆಲೆ ಬದಲಾಗುವುದಿಲ್ಲ.

ಎರಡನೆಯದು ಹಿಂದಿರುಗುವಿಕೆ. ವೃತ್ತದ ಮೇಲೆ ನಡೆದವನು 2π ದೂರ ಸಾಗಿ ಹೊರಟ ಜಾಗಕ್ಕೇ ಬರುತ್ತಾನೆ. ಅತಿಪರವಲಯದ ಶಾಖೆಯ ಮೇಲೆ ನಡೆದವನು ಮರಳಿ ಬರುವುದಿಲ್ಲ. ಬೆಲೆಗಳು ಬಹುಬೇಗ ಬೆಳೆದುಬಿಡುವುದರಿಂದ ಕ್ಯಾಲ್ಕುಲೇಟರೂ ಒಮ್ಮೊಮ್ಮೆ ಸುಳ್ಳು ಸಾಕ್ಷಿ ಹೇಳುತ್ತದೆ. t = 20 ಆದಾಗ cosh ಮತ್ತು sinh ಎರಡೂ 24,25,82,597.70ರ ಆಸುಪಾಸಿನಲ್ಲಿರುತ್ತವೆ. ಇವುಗಳ ವರ್ಗಗಳು ಹದಿನೇಳು ಅಂಕಿಗಳವು. ಹತ್ತು ಹದಿನೈದು ಅಂಕಿಗಳನ್ನಷ್ಟೇ ಇಟ್ಟುಕೊಳ್ಳುವ ಯಂತ್ರವು ಕಳೆದು ನೋಡಿದಾಗ 1ರ ಬದಲು 0 ತೋರಿಸಬಹುದು. ತಪ್ಪು ಸೂತ್ರದ್ದಲ್ಲ, ಅಂಕಿಗಳ ಕೊರತೆಯದು. (cosh t + sinh t)(cosh t − sinh t) ಎಂದು ಬಿಡಿಸಿ, eᵗ × e⁻ᵗ ಎಂದು ಬರೆದುಕೊಂಡರೆ 1 ಎಂಬ ಉತ್ತರ ತಪ್ಪದೆ ದೊರೆಯುತ್ತದೆ.

ಪರೀಕ್ಷೆಗೆ ಒಂದು ಬಿಂದು

ಪರೀಕ್ಷೆಯ ಕೊಠಡಿಯಲ್ಲಿ ಸೂತ್ರದ ಚಿಹ್ನೆ ಕೂಡುವುದೋ ಕಳೆಯುವುದೋ ಎಂಬ ಸಂದೇಹ ಬಂದರೆ ಆ 3, 4, 5ರ ಬಿಂದುವನ್ನೇ ಸಾಕ್ಷಿಗೆ ಕರೆಯಬಹುದು. u = 2 ಆದಾಗ cosh = 5/4, sinh = 3/4, tanh = 3/5, sech = 4/5. ವಿದ್ಯಾರ್ಥಿಯು ವೃತ್ತದ ಅಭ್ಯಾಸಬಲದಿಂದ cosh 2t = cosh² t − sinh² t ಎಂದು ಬರೆದನೆನ್ನೋಣ. ಬಲಗಡೆ 25/16 − 9/16 = 1 ಬರುತ್ತದೆ. ಎಡಗಡೆ u = 4 ಇಟ್ಟರೆ 17/8 ಬರುತ್ತದೆ. ಸೂತ್ರ ತಪ್ಪೆಂದು ಅರೆನಿಮಿಷದಲ್ಲಿ ತಿಳಿಯಿತು. 1 + tanh² t = sech² t ಎಂದು ಬರೆದಿದ್ದರೆ ಎಡಗಡೆ 34/25, ಬಲಗಡೆ 16/25; ಅದೂ ಬಿದ್ದುಹೋಯಿತು. ಕಳೆಯುವ ಚಿಹ್ನೆಯನ್ನು ಇಟ್ಟು ನೋಡಿದರೆ 1 − 9/25 = 16/25; ಎರಡೂ ಬದಿಗಳು ಕೂಡಿಬಂದುವು.

ಒಂದು ಬಿಂದುವಿನಲ್ಲಿ ಸರಿಬಂದ ಮಾತ್ರಕ್ಕೆ ಸೂತ್ರವು ಸಿದ್ಧವಾಯಿತೆಂದಲ್ಲ. ಆದರೆ ಒಂದು ಬಿಂದುವಿನಲ್ಲಿ ತಪ್ಪಿದ ಸೂತ್ರವು ನಿತ್ಯಸಮೀಕರಣವಾಗಿರಲು ಸಾಧ್ಯವೇ ಇಲ್ಲ. ಸಾಧಿಸಬೇಕಾದಾಗ u ಮತ್ತು v ಗಳಿಗೆ ಹಿಂದಿರುಗಿ ಗುಣಿಸಿ ನೋಡಿದರಾಯಿತು. ಗುಣಲಬ್ಧ ಯಾವಾಗಲೂ 1 ಆಗಿರುವ ಆ ಎರಡು ಸಂಖ್ಯೆಗಳಿಂದಲೇ ಅತಿಪರವಲಯದ ಸೈನ್ ಕೋಸೈನ್‌ಗಳೆರಡೂ ಹುಟ್ಟಿವೆ.